ಸಭಾಂಗಣದ ಒಳಗೆ, ಸಭಾಂಗಣದ ಹೊರಗೆ: ಶಾಲಾ ವಿಡಿಯೊಗೆ ಪೋಷಕರ ಒಪ್ಪಿಗೆ

ಪ್ರಶ್ನೆ: ನಮ್ಮದು ಅನುದಾನಿತ ಪ್ರೌಢಶಾಲೆ, 214 ಮಕ್ಕಳಿದ್ದಾರೆ. ಫೆಬ್ರವರಿಯಲ್ಲಿ ಸುವರ್ಣ ಮಹೋತ್ಸವ. ಅದಕ್ಕಾಗಿ 12 ನಿಮಿಷದ ವಿಡಿಯೊ ಮಾಡುತ್ತಿದ್ದೇವೆ. ಶಿಕ್ಷಕರು ಮೊಬೈಲಿನಲ್ಲಿ ತೆಗೆದ ತುಣುಕುಗಳು, ಪೋಷಕರು ಕಳುಹಿಸಿದವು, ಹಳೆಯ ಕ್ಯಾಸೆಟ್ಟಿನ ದೃಶ್ಯಗಳು ಎಲ್ಲವೂ ಅದರಲ್ಲಿ ಇರುತ್ತವೆ. ಆಮೇಲೆ ಯೂಟ್ಯೂಬಿಗೂ ಹಾಕುವ ಯೋಚನೆ ಇದೆ. ಪೋಷಕರಿಗೆ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಮುಖ್ಯ ಶಿಕ್ಷಕರು, ‘ದಾಖಲಾತಿ ಅರ್ಜಿಯಲ್ಲೇ ಫೋಟೊಗೆ ಒಪ್ಪಿಗೆ ಬರೆಸಿಕೊಂಡಿದ್ದೇವಲ್ಲ, ಮತ್ತೆ ಯಾಕೆ?’ ಎನ್ನುತ್ತಾರೆ. ಪತ್ರ ನಿಜವಾಗಿ ಬೇಕೇ? ಬೇಕಾದರೆ ಹೇಗೆ ಬರೆಯಲಿ?
– ಸಹಶಿಕ್ಷಕಿ, ಶಿರಸಿ ತಾಲ್ಲೂಕು

ಉತ್ತರ: ಬೇಕು. ನಿಮ್ಮ ಮುಖ್ಯ ಶಿಕ್ಷಕರು ಹೇಳುವ ದಾಖಲಾತಿ ಅರ್ಜಿಯನ್ನೇ ಒಮ್ಮೆ ಕೈಗೆತ್ತಿಕೊಂಡು ನೋಡಿ. ಕೊನೆಯ ಪುಟದಲ್ಲಿ, ಶುಲ್ಕದ ನಿಯಮಕ್ಕೂ ಸಮವಸ್ತ್ರದ ನಿಯಮಕ್ಕೂ ನಡುವೆ, ‘ಶಾಲೆಯ ಚಟುವಟಿಕೆಗಳ ಭಾವಚಿತ್ರ ಬಳಸಲು ಒಪ್ಪಿಗೆ ಇದೆ’ ಎಂಬ ಒಂದು ಸಾಲು ಇರುತ್ತದೆ. ಎಂಟನೆಯ ತರಗತಿಗೆ ಮಗುವನ್ನು ಸೇರಿಸಲು ಬಂದ ತಂದೆ ಆ ಪುಟಕ್ಕೆ ಸಹಿ ಹಾಕಿದ್ದು ಸೀಟು ಸಿಗಲಿ ಎಂದು. ಎರಡು ವರ್ಷದ ನಂತರ ಮಗಳು ಕಬಡ್ಡಿ ಆಡುವ ದೃಶ್ಯ ಯೂಟ್ಯೂಬಿನಲ್ಲಿ ಬರುತ್ತದೆಂದು ಆ ಹೊತ್ತಿನಲ್ಲಿ ಅವರಿಗೂ ಗೊತ್ತಿರಲಿಲ್ಲ, ಶಾಲೆಗೂ ಗೊತ್ತಿರಲಿಲ್ಲ.

ಕಾನೂನು ಕೂಡ ಇದನ್ನೇ ಹೇಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿಯನ್ನು ಬಳಸುವ ಮೊದಲು ತಂದೆ, ತಾಯಿ ಅಥವಾ ಪಾಲಕರ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಕೊಟ್ಟವರು ಅವರೇ ಎಂದು ಖಚಿತಪಡಿಸಿಕೊಳ್ಳಬೇಕು. ಗುರುತು ಸಿಗುವ ಮುಖವಿರುವ ವಿಡಿಯೊ ಕೂಡ ಇಂಥ ಮಾಹಿತಿಯೇ. ಒಪ್ಪಿಗೆ ಸ್ವಇಚ್ಛೆಯಿಂದ ಬಂದಿರಬೇಕು, ಯಾವ ಉದ್ದೇಶಕ್ಕೆ ಎಂಬುದು ಸ್ಪಷ್ಟವಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತಿರಬೇಕು. ದಾಖಲಾತಿ ಅರ್ಜಿಯ ಆ ಒಂದು ಸಾಲು ಈ ಮೂರರಲ್ಲಿ ಒಂದನ್ನೂ ಪೂರೈಸುವುದಿಲ್ಲ. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಒಪ್ಪಿಗೆಯ ಕಲಂಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲಾವಕಾಶವಿದೆ, ಅಂದರೆ 2027ರ ಮೇವರೆಗೆ. ‘ಹಾಗಿದ್ದರೆ ಇನ್ನೂ ಸಮಯವಿದೆಯಲ್ಲ’ ಎಂದು ಯಾರಾದರೂ ಹೇಳಬಹುದು. ಸಮಾರಂಭ ಒಂದು ದಿನದ್ದು, ಮುಗಿದುಹೋಗುತ್ತದೆ. ಯೂಟ್ಯೂಬಿಗೆ ಹಾಕಿದ ವಿಡಿಯೊ ಮಾತ್ರ ಆ ಮೇ ತಿಂಗಳು ಬಂದಾಗಲೂ ಅಲ್ಲೇ ಇರುತ್ತದೆ.

ಈಗ ಪತ್ರದ ವಿಷಯ. ನನ್ನ ಬಳಿ ಬರುವ ಹೆಚ್ಚಿನ ಕರಡುಗಳು ಕೇಳುವುದು ಒಂದೇ ಪ್ರಶ್ನೆ: ‘ನಿಮ್ಮ ಮಗುವಿನ ದೃಶ್ಯ ಬಳಸಬಹುದೇ?’ ಪೋಷಕರ ಮನಸ್ಸಿನಲ್ಲಿ ಇರುವುದು ಬೇರೆ ಪ್ರಶ್ನೆ: ‘ಅದನ್ನು ಯಾರು ನೋಡುತ್ತಾರೆ?’ ಮೊದಲು ನಾನು ಮೂರು ಪ್ರಶ್ನೆ ಇಡುತ್ತಿದ್ದೆ. ಸಭಾಂಗಣದ ಪರದೆಗೆ ಒಂದು, ಪೋಷಕರಿಗೆ ಹಂಚುವ ಪೆನ್‌ಡ್ರೈವ್ ಮತ್ತು ವಾಟ್ಸ್‌ಆ್ಯಪ್‌ಗೆ ಒಂದು, ಯೂಟ್ಯೂಬಿಗೆ ಒಂದು. ಈಗ ನಡುವಿನದನ್ನು ಕೈಬಿಟ್ಟಿದ್ದೇನೆ. ತರಗತಿಯ ಗುಂಪಿಗೆ ಕಳುಹಿಸಿದ ವಿಡಿಯೊ ಅದೇ ರಾತ್ರಿ ಯಾರದೋ ಚಿಕ್ಕಪ್ಪನ ಫೇಸ್‌ಬುಕ್ ಪುಟದಲ್ಲಿ ಕಾಣಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ. ಆದ್ದರಿಂದ ಯಾರು ನೋಡುತ್ತಾರೆ ಎಂಬುದಕ್ಕೆ ಎರಡೇ ಪ್ರಶ್ನೆ ಇಡಿ: ಸಭಾಂಗಣದ ಒಳಗೆ, ಸಭಾಂಗಣದ ಹೊರಗೆ. ಪೋಷಕರು ಕಳುಹಿಸಿದ ತುಣುಕಿಗೆ ಮಾತ್ರ ಮೂರನೆಯ ಪ್ರಶ್ನೆ ಇರಲಿ. ಹೊರಗೆ ಎಂದರೆ ಎಲ್ಲಿ ಬೇಕಾದರೂ ಎಂದೇ ಪತ್ರದಲ್ಲಿ ನೇರವಾಗಿ ಬರೆಯಿರಿ.

ಈ ಎರಡರ ಅಂತರವನ್ನು ನಾನು ಕಲಿತದ್ದು ಒಂದು ಕಹಿ ಅನುಭವದಿಂದ. ಬಹಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಶಾಲೆಯಲ್ಲಿ ವಾರ್ಷಿಕೋತ್ಸವದ ವಿಡಿಯೊವನ್ನು ಅಂತರ್ಜಾಲಕ್ಕೆ ಹಾಕಿದೆವು. ಅದರಲ್ಲಿ ಒಬ್ಬ ಹುಡುಗ ಮೂರು ಸೆಕೆಂಡು ಕಾಣಿಸಿದ್ದ, ಅವನ ಬೆನ್ನ ಹಿಂದೆ ಶಾಲೆಯ ನಾಮಫಲಕವಿತ್ತು. ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು, ಮಗನನ್ನು ಕರೆದುಕೊಂಡು ಬೇರೆ ಊರಿಗೆ ಬಂದು ನೆಲೆಸಿದ್ದವರು ಅವನ ತಾಯಿ. ನಮ್ಮಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಕೆಲವು ವಾರಗಳ ನಂತರ ಶಾಲೆ ಬಿಡುವ ಹೊತ್ತಿಗೆ ಆ ತಂದೆ ಗೇಟಿನ ಬಳಿ ನಿಂತಿದ್ದರು. ಆ ತಾಯಿಯನ್ನು ನಾವು ಏನೂ ಕೇಳಿರಲಿಲ್ಲ. ಕೇಳಿದ್ದರೆ ಕಾರಣ ಹೇಳದೆಯೇ ‘ಸಭಾಂಗಣದಲ್ಲಿ ತೋರಿಸಿ, ಹೊರಗೆ ಬೇಡ’ ಎಂದಿರುತ್ತಿದ್ದರು. ಆದ್ದರಿಂದ ಪತ್ರದಲ್ಲಿ ‘ಬೇಡ ಎಂದರೆ ಕಾರಣ ತಿಳಿಸಿ’ ಎಂಬ ಸಾಲನ್ನು ಎಂದೂ ಹಾಕಬೇಡಿ.

ಪತ್ರದ ಪಾಠ ಹೀಗಿರಲಿ. ಖಾಲಿ ಜಾಗಗಳನ್ನು ನೀವು ತುಂಬಿಕೊಳ್ಳಿ.

ಮಾನ್ಯ ಪೋಷಕರೇ,

ವಿಷಯ: ಸುವರ್ಣ ಮಹೋತ್ಸವದ ವಿಡಿಯೊದಲ್ಲಿ ನಿಮ್ಮ ಮಗುವಿನ ದೃಶ್ಯ ಬಳಸಲು ಅನುಮತಿ ಕೋರಿ

ಫೆಬ್ರವರಿಯಲ್ಲಿ ನಡೆಯುವ ನಮ್ಮ ಶಾಲೆಯ ಸುವರ್ಣ ಮಹೋತ್ಸವಕ್ಕೆ ಸುಮಾರು 12 ನಿಮಿಷದ ವಿಡಿಯೊ ಸಿದ್ಧಪಡಿಸುತ್ತಿದ್ದೇವೆ. ಈ ವರ್ಷದ ಕ್ರೀಡಾಕೂಟ, ಪ್ರತಿಭಾ ಕಾರಂಜಿ ಮತ್ತು ತರಗತಿಯ ಚಟುವಟಿಕೆಗಳ ದೃಶ್ಯಗಳು ಅದರಲ್ಲಿರುತ್ತವೆ. ನಿಮ್ಮ ಮಗು ಕೆಲವು ಕ್ಷಣ ಕಾಣಿಸಬಹುದು, ಮಗುವಿನ ಧ್ವನಿ ಕೇಳಿಸಬಹುದು. ಹೆಸರು, ತರಗತಿ, ಊರು ಪರದೆಯ ಮೇಲೆ ಬರುವುದಿಲ್ಲ.

ಕೆಳಗಿನ ಪ್ರಶ್ನೆಗಳಿಗೆ ಬೇರೆ ಬೇರೆಯಾಗಿ ಉತ್ತರಿಸಿ. ಒಂದಕ್ಕೆ ‘ಹೌದು’, ಇನ್ನೊಂದಕ್ಕೆ ‘ಬೇಡ’ ಎನ್ನಬಹುದು. ಕಾರಣ ತಿಳಿಸಬೇಕಾಗಿಲ್ಲ.

1. ಸಮಾರಂಭದ ದಿನ ಶಾಲೆಯ ಸಭಾಂಗಣದಲ್ಲಿ ತೋರಿಸುವ ವಿಡಿಯೊದಲ್ಲಿ ನನ್ನ ಮಗುವಿನ ದೃಶ್ಯ ಇರಬಹುದು. ಹೌದು / ಬೇಡ

2. ಪೆನ್‌ಡ್ರೈವ್, ವಾಟ್ಸ್‌ಆ್ಯಪ್ ಮತ್ತು ಶಾಲೆಯ ಯೂಟ್ಯೂಬ್ ಪುಟದ ಮೂಲಕ ಹೊರಗೆ ಹೋಗುವ ವಿಡಿಯೊದಲ್ಲಿ ನನ್ನ ಮಗುವಿನ ದೃಶ್ಯ ಇರಬಹುದು. ಹೌದು / ಬೇಡ

3. ನಾನು ಶಾಲೆಗೆ ಕಳುಹಿಸಿದ ತುಣುಕನ್ನು ಈ ವಿಡಿಯೊದಲ್ಲಿ ಬಳಸಬಹುದು. ಹೌದು / ಬೇಡ / ಕಳುಹಿಸಿಲ್ಲ

‘ಬೇಡ’ ಎಂದ ಮಾತ್ರಕ್ಕೆ ಮಗು ವೇದಿಕೆಯ ಯಾವ ಕಾರ್ಯಕ್ರಮದಿಂದಲೂ ಹೊರಗುಳಿಯುವುದಿಲ್ಲ. ಸಭಾಂಗಣದಲ್ಲಿ ಪರದೆಯನ್ನು ಚಿತ್ರೀಕರಿಸಬಾರದೆಂದು ಕೋರುತ್ತೇವೆ. ಆದರೂ ಯಾರೂ ಚಿತ್ರೀಕರಿಸುವುದಿಲ್ಲ ಎಂದು ಭರವಸೆ ಕೊಡಲಾರೆವು.

ಮನಸ್ಸು ಬದಲಾದರೆ ಈ ಸಂಖ್ಯೆಗೆ ಒಂದು ಸಂದೇಶ ಕಳುಹಿಸಿ: ________. ಏಳು ದಿನದೊಳಗೆ ಶಾಲೆಯ ಯೂಟ್ಯೂಬ್ ಪುಟದಿಂದ ಆ ದೃಶ್ಯವನ್ನು ತೆಗೆಯುತ್ತೇವೆ. ಆಗಲೇ ಹಂಚಿಕೆಯಾದ ಪ್ರತಿಗಳನ್ನು ಹಿಂದಕ್ಕೆ ಪಡೆಯಲು ನಮ್ಮಿಂದ ಆಗುವುದಿಲ್ಲ.

ಸಹಿ ಮಾಡುವ ಮೊದಲು ದಯವಿಟ್ಟು ನಿಮ್ಮ ಮಗುವನ್ನೂ ಒಂದು ಮಾತು ಕೇಳಿ. ____ ತಾರೀಖಿನೊಳಗೆ ಚೀಟಿ ಬರದಿದ್ದರೆ ನಿಮ್ಮ ಉತ್ತರ ‘ಬೇಡ’ ಎಂದು ತಿಳಿಯುತ್ತೇವೆ.

ಮುಖ್ಯ ಶಿಕ್ಷಕರ ಸಹಿ, ಮೊಹರು

ಇದರ ಕೆಳಗೆ ಕತ್ತರಿಸಿ ಕೊಡುವ ಚೀಟಿ ಇರಲಿ. ಮಗುವಿನ ಹೆಸರು, ತರಗತಿ, ಮೂರು ಉತ್ತರಗಳು, ಸಹಿ ಮಾಡಿದವರ ಹೆಸರು, ಮಗುವಿಗೆ ಅವರು ಏನಾಗಬೇಕು, ಮೊಬೈಲ್ ಸಂಖ್ಯೆ ಮತ್ತು ದಿನಾಂಕ, ಇಷ್ಟೇ ಸಾಕು. ಪತ್ರದ ಭಾಗ ಪೋಷಕರ ಮನೆಯಲ್ಲೇ ಉಳಿಯಬೇಕು. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಸಿ ವಾಪಸ್ ತೆಗೆದುಕೊಂಡರೆ, ಮನಸ್ಸು ಬದಲಾದ ದಿನ ಯಾವ ಸಂಖ್ಯೆಗೆ ತಿಳಿಸಬೇಕು ಎಂಬುದು ಅವರ ಕೈಯಲ್ಲಿ ಇರುವುದಿಲ್ಲ.

ಕೊನೆಯ ಸಾಲಿನ ಬಗ್ಗೆ ಶಿಕ್ಷಕರ ಸಭೆಯಲ್ಲಿ ವಾದ ಎದ್ದೇ ಏಳುತ್ತದೆ. ‘ಉತ್ತರ ಬರದಿದ್ದರೆ ಒಪ್ಪಿಗೆ ಎಂದು ಬರೆಯೋಣ, ಕೆಲಸ ಸುಲಭವಾಗುತ್ತದೆ’ ಎನ್ನುವವರು ಎಲ್ಲ ಶಾಲೆಯಲ್ಲೂ ಒಬ್ಬರಿರುತ್ತಾರೆ. ಮೌನ ಒಪ್ಪಿಗೆಯಲ್ಲ. ಚೀಟಿ ಬ್ಯಾಗಿನ ತಳದಲ್ಲಿ ಸುಕ್ಕಾಗಿ ಬಿದ್ದಿರಬಹುದು, ತಾಯಿಗೆ ಓದಲು ಬಾರದಿರಬಹುದು, ತಂದೆ ಕೆಲಸಕ್ಕೆಂದು ಗೋವಾದಲ್ಲಿ ಇರಬಹುದು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪತ್ರ ಹಾಕಿ, ಅದರ ಕೆಳಗೆ ಬಂದ ಹೆಬ್ಬೆರಳಿನ ಚಿತ್ರಗಳನ್ನು ಎಣಿಸುವುದೂ ಇದೇ ದಾರಿ. ಆ ಮೊಬೈಲು ಅಣ್ಣನ ಕೈಯಲ್ಲಿತ್ತೋ ಅಮ್ಮನ ಕೈಯಲ್ಲಿತ್ತೋ ಯಾರಿಗೆ ಗೊತ್ತು?

ಇನ್ನು ಸಹಿ. ಒಂಬತ್ತನೆಯ ತರಗತಿಯ ಹುಡುಗರಿಗೆ ತ್ರಿಕೋನಮಿತಿ ಬರುವ ಮೊದಲೇ ಅಪ್ಪನ ಸಹಿ ಬಂದಿರುತ್ತದೆ. ಪರೀಕ್ಷಿಸಲು ಪ್ರಗತಿ ಪತ್ರದ ಸಹಿಯೊಂದಿಗೆ ಹೋಲಿಸಬೇಡಿ, ಅದನ್ನು ಹಾಕಿದವನೂ ಅದೇ ಹುಡುಗನಾಗಿರಬಹುದು. ಪೋಷಕರು ಕಚೇರಿಯಲ್ಲಿ ಕುಳಿತು ಸಹಿ ಮಾಡಿದ ದಾಖಲಾತಿ ಅರ್ಜಿಯನ್ನು ತೆಗೆದು ಹೋಲಿಸಿ. ಅನುಮಾನ ಬಂದರೆ ಅದೇ ಅರ್ಜಿಯಲ್ಲಿರುವ ಮೊಬೈಲ್ ಸಂಖ್ಯೆಗೆ ಒಂದು ಕರೆ ಮಾಡಿ. ಓದಲು ಬಾರದವರಿಗೆ ಪೋಷಕರ ಸಭೆಯ ದಿನ ಪತ್ರವನ್ನು ಗಟ್ಟಿಯಾಗಿ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳಿ. ಓದಿ ಹೇಳಿದವರೂ ಪಕ್ಕದಲ್ಲಿ ಸಹಿ ಹಾಕಲಿ. ಸಮಾರಂಭಕ್ಕೆ ಆರು ವಾರ ಮೊದಲು ಪತ್ರ ಕಳುಹಿಸಿ, ಉತ್ತರಕ್ಕೆ ಹತ್ತು ದಿನ ಕೊಟ್ಟರೆ, ಇದಕ್ಕೆಲ್ಲ ಸಮಯ ಸಿಗುತ್ತದೆ.

ಇಲ್ಲಿಯವರೆಗಿನದು ಕಾಗದದ ಕೆಲಸ. ಶಾಲೆಗಳು ಎಡವುವುದು ಇದರ ನಂತರ. ಚೀಟಿಗಳೆಲ್ಲ ಕಟ್ಟಿಕೊಂಡು ಬೀರು ಸೇರುತ್ತವೆ. ವಿಡಿಯೊ ಎಡಿಟ್ ಮಾಡುವ ಪೇಟೆಯ ಸ್ಟುಡಿಯೊದವರಿಗೆ ಯಾವ ಮಗು ಯಾರೆಂದು ಗೊತ್ತಿರುವುದಿಲ್ಲ. ಚೀಟಿಯನ್ನೂ ದೃಶ್ಯವನ್ನೂ ಜೋಡಿಸುವ ಒಂದು ಪಟ್ಟಿ ಇಲ್ಲದಿದ್ದರೆ ಪತ್ರ ಬರೆದೂ ಬರೆಯದ ಹಾಗೆ.

ನಿಮ್ಮ ಶಾಲೆಯ ಲೆಕ್ಕವನ್ನೇ ಹಿಡಿಯೋಣ. 214 ಪತ್ರ ಹೋದವು, 190 ಚೀಟಿ ಮರಳಿ ಬಂದವು ಎಂದುಕೊಳ್ಳಿ. ಸಭಾಂಗಣಕ್ಕೆ 186 ‘ಹೌದು’, ಹೊರಗಿನದಕ್ಕೆ 140 ‘ಹೌದು’. ಬರದ 24 ಚೀಟಿಗಳು ಎರಡಕ್ಕೂ ‘ಬೇಡ’. ಅಂದರೆ ನೀವು ಎರಡು ವಿಡಿಯೊ ಮಾಡಬೇಕು, ಸಭಾಂಗಣಕ್ಕೆ ಒಂದು, ಹೊರಗೆ ಹೋಗುವುದಕ್ಕೆ ಇನ್ನೊಂದು. ಹೆದರಬೇಡಿ, ಎರಡನೆಯದು ಮೊದಲನೆಯದರಿಂದಲೇ ಹುಟ್ಟುತ್ತದೆ, ಕೆಲವು ದೃಶ್ಯಗಳು ಮಾತ್ರ ಬದಲಾಗುತ್ತವೆ.

ಮೊದಲ ಕರಡು ಸಿದ್ಧವಾದಾಗ ತರಗತಿ ಶಿಕ್ಷಕರನ್ನು ಕೂರಿಸಿಕೊಂಡು, ಧ್ವನಿ ಮುಚ್ಚಿ, ಪ್ರತಿ ದೃಶ್ಯವನ್ನೂ ನಿಲ್ಲಿಸಿ ನಿಲ್ಲಿಸಿ ನೋಡಿ. ‘ಇದು ಯಾರು?’ ಎಂದಾಗ ಅವರು ತಡವರಿಸದೆ ಹೆಸರು ಹೇಳಿದರೆ ಆ ಮಗುವಿನ ಗುರುತು ಸಿಗುತ್ತದೆ ಎಂದು ಲೆಕ್ಕ. ಪ್ರಾರ್ಥನೆಗೆ ನಿಂತ 200 ಮಕ್ಕಳನ್ನು ಮಹಡಿಯ ಮೇಲಿನಿಂದ ತೆಗೆದ ದೃಶ್ಯದಲ್ಲಿ ಯಾರ ಹೆಸರನ್ನೂ ಹೇಳಲಾಗದು, ಅದರ ಚಿಂತೆ ಬೇಡ. ಒಂದು ಪುಸ್ತಕದಲ್ಲಿ ಗೆರೆ ಹಾಕಿ, ದೃಶ್ಯದ ಸಂಖ್ಯೆ, ಎಲ್ಲಿಂದ ಎಲ್ಲಿಯವರೆಗೆ, ಗುರುತು ಸಿಗುವ ಮಕ್ಕಳ ದಾಖಲಾತಿ ಸಂಖ್ಯೆ, ಒಳಗೆ, ಹೊರಗೆ ಎಂದು ಐದು ಕಾಲಂ ಬರೆಯಿರಿ.

17ನೆಯ ದೃಶ್ಯ ಕಬಡ್ಡಿ, 3 ನಿಮಿಷ 42 ಸೆಕೆಂಡಿನಿಂದ 3 ನಿಮಿಷ 49ರವರೆಗೆ. ಐವರು ಹುಡುಗಿಯರ ಮುಖ ಸ್ಪಷ್ಟ. ಐವರೂ ಸಭಾಂಗಣಕ್ಕೆ ಸರಿ. ಹೊರಗಿನದಕ್ಕೆ ಒಬ್ಬಳ ಮನೆಯಿಂದ ‘ಬೇಡ’. ಅವಳು ರೈಡ್ ಮುಗಿಸಿ ಗೆರೆ ಮುಟ್ಟುವ ಆಟಗಾರ್ತಿಯೇ ಆದರೆ ಚೌಕಟ್ಟು ಕಿರಿದಾಗಿಸಿ ಕತ್ತರಿಸಿ ಪ್ರಯೋಜನವಿಲ್ಲ, ಹೊರಗಿನ ವಿಡಿಯೊದಲ್ಲಿ ಆ ಏಳು ಸೆಕೆಂಡಿನ ಜಾಗಕ್ಕೆ ಅದೇ ಪಂದ್ಯದ ಬೇರೆ ದೃಶ್ಯ ಹಾಕಿ. ಅಂಚಿನಲ್ಲಿ ನಿಂತಿದ್ದರೆ ಚೌಕಟ್ಟನ್ನು ಕಿರಿದಾಗಿಸಿದರೆ ಸಾಕು. ಮುಖವನ್ನು ಮಸುಕು ಮಾಡುವುದು ಕೊನೆಯ ಉಪಾಯ. ಐದು ಮುಖಗಳ ನಡುವೆ ಒಂದು ಮಾತ್ರ ಮಸುಕಾಗಿದ್ದರೆ ನೋಡುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ‘ಇವಳು ಯಾರು, ಯಾಕೆ ಹೀಗೆ?’ ಎಂಬ ಮಾತು ಮರುದಿನವೇ ತರಗತಿಯಲ್ಲಿ ಶುರುವಾಗುತ್ತದೆ. ಇದೇ ಕಾರಣಕ್ಕೆ, ಚಿತ್ರೀಕರಣದ ದಿನ ‘ಬೇಡ’ ಎಂದ ಮನೆಯ ಮಕ್ಕಳನ್ನು ಪಕ್ಕಕ್ಕೆ ನಿಲ್ಲಿಸುವುದಾಗಲಿ, ಗುರುತಿನ ಪಟ್ಟಿ ಕಟ್ಟುವುದಾಗಲಿ ಬೇಡವೇ ಬೇಡ. ಎಲ್ಲರನ್ನೂ ಚಿತ್ರೀಕರಿಸಿ, ಆಯುವ ಕೆಲಸವನ್ನು ಎಡಿಟಿಂಗ್ ಮೇಜಿನ ಮೇಲೆ ಮಾಡಿ, ಕೆಲಸ ಮುಗಿದ ಮೇಲೆ ಬಳಸದ ದೃಶ್ಯಗಳನ್ನು ಸ್ಟುಡಿಯೊದ ಕಂಪ್ಯೂಟರಿನಿಂದಲೂ ಅಳಿಸಿಸಿ.

ಪೋಷಕರು ಕಳುಹಿಸಿದ ತುಣುಕುಗಳಲ್ಲಿ ಒಂದು ಗುಟ್ಟಾದ ತೊಡಕು ಇದೆ. ಮಗನ ಓಟದ ಸ್ಪರ್ಧೆಯನ್ನು ಚಿತ್ರೀಕರಿಸಿದ ತಾಯಿ ಅದನ್ನು ಸಂತೋಷದಿಂದ ಕಳುಹಿಸುತ್ತಾರೆ. ಅವರು ಒಪ್ಪಿಗೆ ಕೊಡಬಲ್ಲದ್ದು ತಮ್ಮ ಮಗನ ಬಗ್ಗೆ ಮತ್ತು ತಾವು ತೆಗೆದ ಚಿತ್ರದ ಬಗ್ಗೆ ಮಾತ್ರ. ಪಕ್ಕದ ಗೆರೆಯಲ್ಲಿ ಎಡವಿ ಬಿದ್ದು ಅಳುವ ಇನ್ನೊಬ್ಬ ಹುಡುಗನ ಬಗ್ಗೆ ಅವರ ಮಾತು ನಡೆಯದು. ಆ ತುಣುಕೂ ಅದೇ ಐದು ಕಾಲಮ್ಮಿನ ಪಟ್ಟಿಗೆ ಬರಬೇಕು. ಬಿದ್ದ ಹುಡುಗನ ಮನೆಯಿಂದ ‘ಹೌದು’ ಬಂದಿದ್ದರೂ ಅವನನ್ನು ಕರೆದು ಆ ದೃಶ್ಯ ತೋರಿಸಿ ಕೇಳಿ. ಅಪ್ಪನಿಗೆ ಅದು ಮುದ್ದಾಗಿ ಕಾಣಬಹುದು, ಹದಿಮೂರು ವರ್ಷದವನಿಗೆ ಶಾಲೆಯೆಲ್ಲ ನಕ್ಕ ಹಾಗೆ ಕಾಣುತ್ತದೆ. ಅವನು ಬೇಡವೆಂದರೆ ಬೇಡ.

ಹಳೆಯ ಕ್ಯಾಸೆಟ್ಟಿನ ದೃಶ್ಯಗಳಿಗೆ ಈ ಪತ್ರ ಅನ್ವಯಿಸುವುದಿಲ್ಲ. 1998ರ ಕ್ರೀಡಾಕೂಟದಲ್ಲಿ ಓಡಿದ ಹುಡುಗಿಗೆ ಈಗ ನಲವತ್ತು ದಾಟಿದೆ, ಕೇಳಬೇಕಾದದ್ದು ಅವರನ್ನೇ. ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಇಡೀ ದೃಶ್ಯವನ್ನು ಹಾಕಿ ‘ಇವರು ಯಾರು ಗುರುತಿಸಿ’ ಎಂದು ಕೇಳುವ ಚಪಲ ಬೇಡ, ಅದೇ ಒಂದು ಪ್ರಕಟಣೆಯಾಗುತ್ತದೆ. ಹಳೆಯ ಶಿಕ್ಷಕರಿಂದ ಹೆಸರು ತಿಳಿದು, ಅವರಿಗೆ ನೇರವಾಗಿ ಸಂದೇಶ ಕಳುಹಿಸಿ. ಪತ್ತೆಯಾಗದವರ ಮುಖ ಹತ್ತಿರದಿಂದ ಕಾಣುವ ದೃಶ್ಯಗಳನ್ನು ಬಿಟ್ಟು, ದೂರದಿಂದ ತೆಗೆದ ಗುಂಪಿನ ದೃಶ್ಯಗಳನ್ನು ಬಳಸಿ.

ನಿಮ್ಮಲ್ಲಿ ಬಾಲಮಂದಿರದಿಂದ ಬರುವ ಮಕ್ಕಳಿದ್ದರೆ ಅವರ ವಿಷಯವೇ ಬೇರೆ. ಪಾಲನೆ, ರಕ್ಷಣೆ ಬೇಕಾದ ಮಕ್ಕಳ ಗುರುತು ಬಯಲಾಗುವಂತೆ ಹೆಸರು, ಶಾಲೆ ಅಥವಾ ಚಿತ್ರ ಪ್ರಕಟಿಸುವುದನ್ನು 2015ರ ಬಾಲ ನ್ಯಾಯ ಕಾಯ್ದೆಯ 74ನೆಯ ಕಲಂ ನಿರ್ಬಂಧಿಸುತ್ತದೆ. ಉಲ್ಲಂಘಿಸಿದರೆ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಅಧೀಕ್ಷಕರಿಂದ ಒಂದು ಸಹಿ ತಂದರೆ ಮುಗಿಯಿತು ಎಂದುಕೊಳ್ಳಬೇಡಿ. ಆ ಮಕ್ಕಳು ವೇದಿಕೆಯಲ್ಲಿ ಎಲ್ಲರಂತೆ ಕುಣಿಯಲಿ, ಹಾಡಲಿ. ಹೊರಗೆ ಹೋಗುವ ವಿಡಿಯೊದಲ್ಲಿ ಮಾತ್ರ ಅವರ ಮುಖ ಇರದಂತೆ ನೀವೇ ನೋಡಿಕೊಳ್ಳಿ, ಆ ಪಟ್ಟಿ ನಿಮ್ಮ ಮತ್ತು ಮುಖ್ಯ ಶಿಕ್ಷಕರ ಬಳಿ ಮಾತ್ರ ಇರಲಿ.

ಯೂಟ್ಯೂಬಿಗೆ ಹಾಕುವಾಗ ಯಾರು ನೋಡಬಹುದು ಎಂಬುದಕ್ಕೆ Private, Unlisted, Public ಎಂಬ ಮೂರು ಆಯ್ಕೆ ಇರುತ್ತವೆ. Unlisted ಎಂದರೆ ಗುಟ್ಟು ಎಂದು ಹಲವರು ಭಾವಿಸಿದ್ದಾರೆ. ಅದು ಹುಡುಕಿದರೆ ಸಿಗುವುದಿಲ್ಲ, ನಿಜ. ಆದರೆ ಕೊಂಡಿ ಸಿಕ್ಕವರೆಲ್ಲ ನೋಡಬಹುದು, ಮುಂದಕ್ಕೂ ಕಳುಹಿಸಬಹುದು. ಆದ್ದರಿಂದ Unlisted ಎಂದು ಆರಿಸಿದ ಮಾತ್ರಕ್ಕೆ ಸಭಾಂಗಣದ ಪ್ರತಿಯನ್ನು ಅಲ್ಲಿ ಹಾಕುವಂತಿಲ್ಲ. ಹೊರಗಿನ ಪ್ರತಿಯನ್ನೇ ಹಾಕಿ, ಪ್ರತಿಕ್ರಿಯೆಗಳ ಸೌಲಭ್ಯವನ್ನು ಮುಚ್ಚಿಡಿ. ಹಿನ್ನೆಲೆಗೆ ಸಿನಿಮಾ ಹಾಡು ಬಳಸಿದ್ದರೆ ಅದನ್ನೂ ಹೊರಗಿನ ಪ್ರತಿಯಿಂದ ತೆಗೆಯಬೇಕಾದೀತು. ಶಿಕ್ಷಕರು, ಮಕ್ಕಳು, ಪೋಷಕರಷ್ಟೇ ಸೇರಿದ ಶಾಲಾ ಕಾರ್ಯಕ್ರಮಕ್ಕೆ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಇರುವ ವಿನಾಯಿತಿಯನ್ನು ಯೂಟ್ಯೂಬಿಗೆ ಎಳೆದು ತರಲಾಗದು.

ಸಮಾರಂಭ ಮುಗಿದು ಮೂರು ತಿಂಗಳಿಗೆ ಒಬ್ಬ ತಂದೆ ‘ದಯವಿಟ್ಟು ನನ್ನ ಮಗಳ ದೃಶ್ಯ ತೆಗೆಯಿರಿ’ ಎಂದು ಸಂದೇಶ ಕಳುಹಿಸಿದರೆ ಗಾಬರಿಯಾಗಿ ಇಡೀ ವಿಡಿಯೊವನ್ನು ಅಳಿಸಬೇಡಿ. ನಿಮ್ಮ ಪಟ್ಟಿಯಲ್ಲಿ ಅವಳ ದಾಖಲಾತಿ ಸಂಖ್ಯೆ ಹುಡುಕಿದರೆ ಯಾವ ನಿಮಿಷ, ಯಾವ ಸೆಕೆಂಡು ಎಂಬುದು ಸಿಗುತ್ತದೆ. YouTube Studio ಒಳಗಿನ Editor ತೆರೆದು, Trim ಮೂಲಕ ಅಷ್ಟನ್ನು ಕತ್ತರಿಸಿ ಉಳಿಸಿದರೆ ವಿಡಿಯೊದ ಕೊಂಡಿ ಬದಲಾಗುವುದಿಲ್ಲ, ಊರೂರಿಗೆ ಹೋದ ಕೊಂಡಿಯನ್ನು ಮತ್ತೆ ಹಂಚುವ ತಾಪತ್ರಯವಿಲ್ಲ. ಬದಲಾವಣೆ ಕಾಣಿಸಲು ಕೆಲವು ಗಂಟೆ ಹಿಡಿಯಬಹುದು. ಅದು ಕಾಣಿಸಿದ ಮೇಲೆ ಆ ತಂದೆಗೆ ‘ತೆಗೆದಿದ್ದೇವೆ, ನೋಡಿಕೊಳ್ಳಿ’ ಎಂದು ಉತ್ತರಿಸಿ, ಅವಳ ಚೀಟಿಯ ಹಿಂಬದಿಯಲ್ಲಿ ದಿನಾಂಕ ಬರೆದು ಮತ್ತೆ ಕಡತಕ್ಕೆ ಸೇರಿಸಿ. ವಿಡಿಯೊ ಅಂತರ್ಜಾಲದಲ್ಲಿ ಇರುವವರೆಗೂ ಆ ಕಡತ ಶಾಲೆಯಲ್ಲಿ ಇರಬೇಕು. ನಿಮಗೆ ವರ್ಗವಾದರೆ, ಸಂದೇಶ ಬರುವ ಆ ಮೊಬೈಲ್ ಸಂಖ್ಯೆಯ ಜೊತೆಗೆ ಅದನ್ನೂ ಮುಂದಿನವರಿಗೆ ಪಟ್ಟಿ ಮಾಡಿ ಒಪ್ಪಿಸಿ ಹೋಗಿ.